ನ್ಯಾಲಿಡಿಕ್ಸಿಕ್ ಡಿಸ್ಕ್ ಸುತ್ತ ಝೋನೇ ಇಲ್ಲ, ಸಿಪ್ರೊ ಸುತ್ತ 24 ಮಿ.ಮೀ.: ಜೈರೇಸ್‌ನ ಒಂದೇ ಒಂದು ಬದಲಾವಣೆಯಿಂದ ಇದು ಹೇಗೆ ಸಾಧ್ಯ?

ಅಗಾರ್‌ತಟ್ಟೆ:
ಎಲ್ಲರಿಗೂ ನಮಸ್ಕಾರ. ನಾನು ಒಂದು ಜಿಲ್ಲಾ ಕೇಂದ್ರದ ಪ್ರಯೋಗಾಲಯದಲ್ಲಿ ಕಲ್ಚರ್ ವಿಭಾಗ ನೋಡಿಕೊಳ್ಳುವ ಟೆಕ್ನಿಷಿಯನ್. ಕೆಲವು ತಿಂಗಳ ಹಿಂದೆ 19 ವರ್ಷದ ಕಾಲೇಜು ಹುಡುಗನೊಬ್ಬನ ರಕ್ತದ ಕಲ್ಚರ್‌ನಲ್ಲಿ ಸಾಲ್ಮೊನೆಲ್ಲಾ ಟೈಫಿ ಬೆಳೆಯಿತು. ನ್ಯಾಲಿಡಿಕ್ಸಿಕ್ ಆಸಿಡ್ ಡಿಸ್ಕ್‌ನ ಅಂಚಿನವರೆಗೂ ಬ್ಯಾಕ್ಟೀರಿಯ ಬೆಳೆದಿತ್ತು, ಬ್ಯಾಕ್ಟೀರಿಯ ಬೆಳೆಯದ ಬಳೆ, ಅಂದರೆ ಝೋನ್ ಎಂಬುದೇ ಇರಲಿಲ್ಲ. 5 ಮೈಕ್ರೋಗ್ರಾಂ ಸಿಪ್ರೊಫ್ಲಾಕ್ಸಾಸಿನ್ ಡಿಸ್ಕ್‌ನ ಸುತ್ತ ಮಾತ್ರ 24 ಮಿ.ಮೀ. ಝೋನ್ ಬಂದಿತ್ತು. ನಮ್ಮ ಗೋಡೆಗೆ ಅಂಟಿಸಿದ್ದ ಹಳೆಯ ಪಟ್ಟಿಯ ಪ್ರಕಾರ 21 ಮತ್ತು ಅದಕ್ಕಿಂತ ಹೆಚ್ಚಿದ್ದರೆ ಸೆನ್ಸಿಟಿವ್ ಎಂದು ಬರೆಯಬೇಕಿತ್ತು, ಹಾಗೆಯೇ ಬರೆದು ಕಳುಹಿಸಿದೆವು.

ಹುಡುಗನಿಗೆ ಸಿಪ್ರೊ 500 ಮಿ.ಗ್ರಾಂ. ದಿನಕ್ಕೆರಡು ಬಾರಿ ಶುರುವಾಯಿತು. ಏಳನೆಯ ದಿನವೂ ಸಂಜೆಯಾಗುತ್ತಲೇ ಜ್ವರ 102 ದಾಟುತ್ತಿತ್ತು. ವೈದ್ಯರು ಅಜಿತ್ರೊಮೈಸಿನ್‌ಗೆ ಬದಲಿಸಿದ ಮೇಲೆ ಜ್ವರ ಇಳಿಯಿತು. ನನಗೆ ಸಮಾಧಾನವಾಗದೆ, ತೆಗೆದಿಟ್ಟಿದ್ದ ಬ್ಯಾಕ್ಟೀರಿಯದ ಮೇಲೆ ಸ್ಟ್ರಿಪ್ ಹಾಕಿ ನೋಡಿದೆ. ಸಿಪ್ರೊ ಎಂಐಸಿ, ಅಂದರೆ ಬ್ಯಾಕ್ಟೀರಿಯದ ಬೆಳವಣಿಗೆ ತಡೆಯಲು ಬೇಕಾದ ಅತಿ ಕಡಿಮೆ ಔಷಧದ ಮಟ್ಟ, ಮಿ.ಲೀ.ಗೆ 0.38 ಮೈಕ್ರೋಗ್ರಾಂ ಬಂತು. ಪರಿಚಯದ ಸಂಶೋಧಕರೊಬ್ಬರು ಸೀಕ್ವೆನ್ಸ್ ಮಾಡಿಸಿಕೊಟ್ಟರು. ವರದಿಯಲ್ಲಿ ಇದ್ದದ್ದು ಇಷ್ಟೇ:

```
gyrA  S83F  TCC -> TTC
parC  no change
```

ಅಂದರೆ ಜೈರೇಸ್‌ನಲ್ಲಿ ಒಂದೇ ಒಂದು ಅಮೈನೊ ಆಮ್ಲ ಬದಲಾಗಿದೆ. ನನ್ನ ಪ್ರಶ್ನೆ ಎರಡು. ಆ ಒಂದು ಬದಲಾವಣೆ ನ್ಯಾಲಿಡಿಕ್ಸಿಕ್ ಆಸಿಡನ್ನು ಸಂಪೂರ್ಣ ನಿಷ್ಪ್ರಯೋಜಕ ಮಾಡಿ, ಅದೇ ಕುಟುಂಬದ ಸಿಪ್ರೊವನ್ನು ಅರ್ಧಕ್ಕೆ ಮಾತ್ರ ತಡೆದದ್ದು ಹೇಗೆ? ಅರ್ಧಕ್ಕೆ ತಡೆದಿದ್ದರೂ ರೋಗಿಯಲ್ಲಿ ಔಷಧ ಸೋತದ್ದು ಏಕೆ?

ಔಷಧದಂಗಡಿ ಹಾಸನ:
ಮೇಡಂ, ಇದು ಬೀಗ ಮತ್ತು ಕೀಲಿಯ ವಿಷಯ. ಡಿಎನ್‌ಎಯ ಸುರುಳಿಯನ್ನು ಬಿಡಿಸುವ ಕೆಲಸ ಜೈರೇಸ್‌ನದು. ಸಿಪ್ರೊ ಹೋಗಿ ಆ ಕಿಣ್ವದೊಳಗೆ ಕುಳಿತು ಅದರ ಕೆಲಸ ನಿಲ್ಲಿಸುತ್ತದೆ, ಕೆಲಸ ನಿಂತ ಬ್ಯಾಕ್ಟೀರಿಯ ಸಾಯುತ್ತದೆ. ಮ್ಯುಟೇಶನ್ ಆದಾಗ ಕಿಣ್ವದ ಆಕಾರ ಬದಲಾಗಿ ಔಷಧಕ್ಕೆ ಒಳಗೆ ಹೋಗಲು ಜಾಗವಿರುವುದಿಲ್ಲ. ನಿಮ್ಮ ಎರಡನೆಯ ಪ್ರಶ್ನೆಯ ಬಗ್ಗೆ ಹೇಳುವುದಾದರೆ, 500 ಮಿ.ಗ್ರಾಂ. ನುಂಗಿದ ಮೇಲೆ ರಕ್ತದಲ್ಲಿ ಸಿಪ್ರೊ ಮಟ್ಟ ಮಿ.ಲೀ.ಗೆ ಸುಮಾರು 2.4 ಮೈಕ್ರೋಗ್ರಾಂವರೆಗೆ ಏರುತ್ತದೆ. ಎಂಐಸಿ 0.38 ಎಂದರೆ ಆರು ಪಟ್ಟಿಗಿಂತ ಹೆಚ್ಚು ಔಷಧ ರಕ್ತದಲ್ಲಿದೆ. ಆದ್ದರಿಂದ ಹುಡುಗ ಮಾತ್ರೆಯನ್ನು ಸರಿಯಾಗಿ ತೆಗೆದುಕೊಂಡಿಲ್ಲ, ಇಲ್ಲವೇ ಹಾಲಿನ ಜೊತೆ ತೆಗೆದುಕೊಂಡಿದ್ದಾನೆ ಎಂದೇ ನನ್ನ ಅನುಮಾನ. ಹಾಲು, ಆಂಟಾಸಿಡ್ ಜೊತೆ ಸಿಪ್ರೊ ನುಂಗಿದರೆ ಅದು ಕ್ಯಾಲ್ಸಿಯಂ, ಮೆಗ್ನೀಸಿಯಂಗೆ ಅಂಟಿಕೊಂಡು ಕರುಳಿನಲ್ಲೇ ಉಳಿಯುತ್ತದೆ. ನಾನು ದಿನಕ್ಕೆ ಹತ್ತು ಜನರಿಗೆ ಇದನ್ನು ಹೇಳುತ್ತೇನೆ.

ತುಂಗಾತೀರ:
ಹಾಸನದವರು ಹಾಲಿನ ಬಗ್ಗೆ ಹೇಳಿದ್ದು ಸರಿ, ಎಲ್ಲರೂ ನೆನಪಿಡಬೇಕಾದದ್ದು. ಆದರೆ ಬೀಗ ಮತ್ತು ಕೀಲಿಯ ಹೋಲಿಕೆ ಇಲ್ಲಿ ನಮ್ಮನ್ನು ದಾರಿ ತಪ್ಪಿಸುತ್ತದೆ. ನಾನು ಬ್ಯಾಕ್ಟೀರಿಯಗಳ ಜೆನೆಟಿಕ್ಸ್‌ನಲ್ಲಿ ಬಹಳ ವರ್ಷ ಕೆಲಸ ಮಾಡಿದವನು. ಈ ಒಂದು ಅಂಶ ಸ್ಪಷ್ಟವಾಗದೆ ಉಳಿದದ್ದು ಅರ್ಥವಾಗುವುದಿಲ್ಲ, ಆದ್ದರಿಂದ ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ.

ತೆಂಗಿನ ನಾರಿನ ಹಗ್ಗದ ಎರಡು ಎಳೆಗಳನ್ನು ಒಂದು ತುದಿಯಿಂದ ಹಿಡಿದು ಬೇರ್ಪಡಿಸುತ್ತ ಹೋದರೆ ಮುಂದಿನ ಭಾಗ ಹೆಚ್ಚು ಹೆಚ್ಚು ಹೊಸೆದುಕೊಂಡು ಕೊನೆಗೆ ಕೈಯೇ ಓಡದಷ್ಟು ಬಿಗಿಯುತ್ತದೆ. ಡಿಎನ್‌ಎ ನಕಲಾಗುವಾಗ ನಕಲು ಯಂತ್ರದ ಮುಂದೆ ಇದೇ ಬಿಗಿತ ಉಂಟಾಗುತ್ತದೆ. 1976ರಲ್ಲಿ ಮಾರ್ಟಿನ್ ಗೆಲ್ಲರ್ಟ್ ಮತ್ತು ಸಂಗಡಿಗರು ಪತ್ತೆ ಹಚ್ಚಿದ ಜೈರೇಸ್ ಈ ಬಿಗಿತವನ್ನು ಕಳೆಯುವ ಕ್ರಮ ಧೈರ್ಯದ್ದು: ಅದು ಡಿಎನ್‌ಎಯ ಎರಡೂ ಎಳೆಗಳನ್ನು ನಾಲ್ಕು ಅಕ್ಷರಗಳ ಅಂತರದಲ್ಲಿ ಕತ್ತರಿಸುತ್ತದೆ, ಕತ್ತರಿಸಿದ ತುದಿಗಳನ್ನು ತನ್ನದೇ ಟೈರೋಸಿನ್‌ಗಳಿಗೆ ಬಂಧಿಸಿ ಹಿಡಿದುಕೊಳ್ಳುತ್ತದೆ, ಆ ಸಂದಿನಲ್ಲಿ ಡಿಎನ್‌ಎಯ ಇನ್ನೊಂದು ಭಾಗವನ್ನು ದಾಟಿಸುತ್ತದೆ, ಬಳಿಕ ಕತ್ತರಿಸಿದ್ದನ್ನು ಮತ್ತೆ ಬೆಸೆಯುತ್ತದೆ. ಕತ್ತರಿಸಿ ಹಿಡಿದಿರುವ ಸ್ಥಿತಿ ಸಾಮಾನ್ಯವಾಗಿ ಕ್ಷಣಿಕ.

ಸಿಪ್ರೊ ಬಂದು ಕೂರುವುದು ಖಾಲಿ ಜೈರೇಸ್‌ನಲ್ಲಿ ಅಲ್ಲ, ಈ ಕ್ಷಣಿಕ ಸ್ಥಿತಿಯಲ್ಲಿ. ಕತ್ತರಿಸಿದ ಎರಡು ಜಾಗಗಳಲ್ಲಿ ಒಂದೊಂದರಂತೆ ಎರಡು ಔಷಧದ ಅಣುಗಳು ಡಿಎನ್‌ಎಯ ಅಕ್ಷರಗಳ ನಡುವೆ ಬೆಣೆಯಂತೆ ಸೇರಿಕೊಂಡು ಮತ್ತೆ ಬೆಸೆಯಲು ಬಿಡುವುದಿಲ್ಲ. ನಕಲು ಯಂತ್ರ ಹಿಂದಿನಿಂದ ಬಂದು ಇದಕ್ಕೆ ಡಿಕ್ಕಿ ಹೊಡೆಯುತ್ತದೆ, ತುಂಡಾದ ಡಿಎನ್‌ಎ ಬಿಡುಗಡೆಯಾಗುತ್ತದೆ, ಕೋಶ ಸಾಯುತ್ತದೆ. ಆದ್ದರಿಂದ ಬ್ಯಾಕ್ಟೀರಿಯ ಸಾಯುವುದು ಜೈರೇಸ್‌ನ ಕೆಲಸ ನಿಂತು ಹೋದದ್ದರಿಂದ ಎನ್ನುವುದಕ್ಕಿಂತ, ಜೈರೇಸ್ ಕೆಲಸದ ನಡುವೆ ಸಿಕ್ಕಿಹಾಕಿಕೊಂಡು ಸ್ವತಃ ವಿಷವಾದದ್ದರಿಂದ ಎನ್ನುವುದು ಸತ್ಯಕ್ಕೆ ಹತ್ತಿರ.

ಇದಕ್ಕೆ ಬಹಳ ಹಿಂದೆಯೇ ಸಿಕ್ಕ ಪುರಾವೆಯೊಂದಿದೆ, ನನಗೆ ಇಂದಿಗೂ ಅಚ್ಚುಮೆಚ್ಚಿನದು. ಪ್ರತಿರೋಧಿ ಜೈರೇಸ್ ಇರುವ ಬ್ಯಾಕ್ಟೀರಿಯದೊಳಗೆ ಪ್ಲಾಸ್ಮಿಡ್ ಎಂಬ ಚಿಕ್ಕ ಡಿಎನ್‌ಎ ಉಂಗುರದ ಮೂಲಕ ಸಾಮಾನ್ಯ ಜೈರ್-ಎ ಜೀನನ್ನು ಸೇರಿಸಿದರೆ ಆ ಬ್ಯಾಕ್ಟೀರಿಯ ಮತ್ತೆ ಔಷಧಕ್ಕೆ ಬಲಿಯಾಗುತ್ತದೆ. ಔಷಧ ಬರೀ ಕೆಲಸ ನಿಲ್ಲಿಸುವಂಥದ್ದಾಗಿದ್ದರೆ ಪ್ರತಿರೋಧಿ ಕಿಣ್ವವೊಂದು ಪಕ್ಕದಲ್ಲಿದ್ದು ಕೆಲಸ ನಡೆಸಿಕೊಂಡು ಹೋಗಬೇಕಿತ್ತು. ಹಾಗಾಗುವುದಿಲ್ಲ. ಸಿಕ್ಕಿಬಿದ್ದ ಸಾಮಾನ್ಯ ಜೈರೇಸ್‌ಗಳು ಡಿಎನ್‌ಎಯನ್ನು ತುಂಡರಿಸಿಕೊಂಡು ಕುಳಿತಿರುವಾಗ ಪಕ್ಕದವನ ಆರೋಗ್ಯದಿಂದ ಪ್ರಯೋಜನವಿಲ್ಲ.

ಔಷಧದಂಗಡಿ ಹಾಸನ:
ಇದು ನನಗೆ ಹೊಸದು, ಧನ್ಯವಾದ ಸರ್. ಆದರೂ ಮ್ಯುಟೇಶನ್ ಆದಾಗ ಔಷಧಕ್ಕೆ ಜಾಗ ತಪ್ಪುತ್ತದೆ ಎಂಬ ನನ್ನ ಮಾತು ಉಳಿಯುತ್ತದೆಯಲ್ಲವೇ? ಚಿಕ್ಕ ಸೆರಿನ್ ಹೋಗಿ ದೊಡ್ಡ ಫಿನೈಲ್‌ಅಲನಿನ್ ಬಂದಿದೆ. ಅದು ದಾರಿಗೆ ಅಡ್ಡ ನಿಂತಿರುತ್ತದೆ.

ಸ್ಫಟಿಕ:
ನಾನು ಪ್ರೋಟೀನ್‌ಗಳ ರಚನೆಯ ಮೇಲೆ ಪಿಎಚ್.ಡಿ. ಮಾಡುತ್ತಿರುವುದರಿಂದ ಇಲ್ಲಿ ಒಂದು ಮಾತು ಸೇರಿಸಲು ಧೈರ್ಯ ಮಾಡುತ್ತಿದ್ದೇನೆ. ಹಾಸನದ ಅಣ್ಣನವರು ಹಾಲಿನ ಬಗ್ಗೆ ಬರೆದ ಸಾಲಿನಲ್ಲೇ ಈ ಪ್ರಶ್ನೆಗೆ ಉತ್ತರದ ಒಂದು ತುದಿ ಇದೆ.

ಸಿಪ್ರೊ ಅಣುವಿನ ಒಂದು ಬದಿಯಲ್ಲಿ ಕಾರ್ಬಾಕ್ಸಿಲ್ ಗುಂಪೂ ಅದರ ಪಕ್ಕದಲ್ಲಿ ಕೀಟೊ ಗುಂಪೂ ಇವೆ. ಕರುಳಿನಲ್ಲಿ ಆಂಟಾಸಿಡ್‌ನ ಮೆಗ್ನೀಸಿಯಂ ಅಂಟಿಕೊಳ್ಳುವುದು ಈ ಜಾಗಕ್ಕೇ. ಜೈರೇಸ್ ಒಳಗೂ ಅದೇ ಜಾಗದಲ್ಲಿ ಒಂದು ಮೆಗ್ನೀಸಿಯಂ ಅಯಾನು ಹಿಡಿದುಕೊಂಡಿರುತ್ತದೆ. ಆ ಅಯಾನಿನ ಸುತ್ತ ನಾಲ್ಕು ನೀರಿನ ಅಣುಗಳಿರುತ್ತವೆ, ಅವುಗಳಲ್ಲಿ ಎರಡು 83ನೆಯ ಸೆರಿನ್‌ನ ಕಡೆಗೂ 87ನೆಯ ಅಸ್ಪಾರ್ಟಿಕ್ ಆಮ್ಲದ ಕಡೆಗೂ ಕೈ ಚಾಚಿ ಹಿಡಿಯುತ್ತವೆ. ಔಷಧ ಕಿಣ್ವವನ್ನು ನೇರವಾಗಿ ಮುಟ್ಟುವುದೇ ಇಲ್ಲಿ ಕಡಿಮೆ. ನಡುವೆ ಲೋಹ ಮತ್ತು ನೀರಿನ ಒಂದು ಸಂಕ ಇದೆ. ಮಲೆನಾಡಿನ ಹಳ್ಳ ದಾಟಲು ಹಾಕುವ ಅಡಿಕೆ ಮರದ ಸಂಕದಂತೆ ಅದು, ಆಚೆ ದಡದಲ್ಲಿ ಕಟ್ಟಲು ಗೂಟ ಬೇಕು. ಸೆರಿನ್ ಒಂದು ಗೂಟ, ಅಸ್ಪಾರ್ಟಿಕ್ ಆಮ್ಲ ಇನ್ನೊಂದು. ಫಿನೈಲ್‌ಅಲನಿನ್‌ಗೆ ನೀರಿನ ಕೈ ಹಿಡಿಯುವ ಹೈಡ್ರಾಕ್ಸಿಲ್ ಇಲ್ಲ. ಗೂಟ ಕಿತ್ತುಹೋಯಿತು.

ಜಾಗ ಮುಚ್ಚಿಹೋಗಿದೆ ಎಂಬ ವಾದಕ್ಕೆ ವಿರುದ್ಧವಾದ ಸಾಕ್ಷ್ಯವೂ ಇದೆ. ಕ್ವಿನಜೋಲಿನ್‌ಡಯೋನ್ ಎಂಬ, ಸಿಪ್ರೊ ಮತ್ತು ನ್ಯಾಲಿಡಿಕ್ಸಿಕ್ ಆಸಿಡ್ ಸೇರಿದ ಕ್ವಿನೊಲೋನ್ ಕುಟುಂಬವನ್ನೇ ಹೋಲುವ ಸಂಯುಕ್ತಗಳಿಗೆ ಮೆಗ್ನೀಸಿಯಂ ಹಿಡಿಯುವ ಆ ಎರಡು ಗುಂಪುಗಳ ಜೋಡಣೆ ಇಲ್ಲ. ಅವು ಸಂಕವನ್ನು ಅವಲಂಬಿಸದೆ ಬೇರೆ ಬದಿಯಿಂದ ಹಿಡಿತ ಪಡೆಯುತ್ತವೆ. ಸೆರಿನ್ ಬದಲಾದ ಕಿಣ್ವವನ್ನೂ ಅವು ಸಿಕ್ಕಿಸಿಹಾಕುತ್ತವೆ. ಕೂರುವ ಜಾಗವೇ ಮುಚ್ಚಿಹೋಗಿದ್ದರೆ ಇದು ಆಗುತ್ತಿರಲಿಲ್ಲ. ಆದ್ದರಿಂದ ಕಳೆದುಹೋದದ್ದು ಮುಖ್ಯವಾಗಿ ಹಿಡಿತ, ಜಾಗವಲ್ಲ. ಆದರೂ ಫಿನೈಲ್‌ಅಲನಿನ್‌ನ ಗಾತ್ರ ಏನೂ ಮಾಡುವುದಿಲ್ಲ ಎಂದು ನಾನು ಪ್ರಮಾಣ ಮಾಡಲಾರೆ.

ಅಗಾರ್‌ತಟ್ಟೆ ಅವರ ಮೊದಲ ಪ್ರಶ್ನೆಗೂ ಇಲ್ಲಿಂದಲೇ ದಾರಿ. ನ್ಯಾಲಿಡಿಕ್ಸಿಕ್ ಆಸಿಡ್ ಚಿಕ್ಕ ಅಣು, ಅದರ ಹಿಡಿತ ಬಹುಪಾಲು ಆ ಸಂಕದ ಮೇಲೆಯೇ ನಿಂತಿದೆ. ಸಿಪ್ರೊಗೆ ಇನ್ನೊಂದು ತುದಿಯಲ್ಲಿ ಪೈಪರಜಿನ್ ಉಂಗುರವಿದೆ, ಅದು ಜೈರೇಸ್‌ನ ಇನ್ನೊಂದು ಘಟಕವಾದ ಜೈರ್-ಬಿ ಇರುವ ಬದಿಗೆ ಚಾಚಿಕೊಂಡಿರುತ್ತದೆ. ಒಂದು ಗೂಟ ಹೋದರೂ ಸಿಪ್ರೊ ಸ್ವಲ್ಪಮಟ್ಟಿಗೆ ತೂಗಾಡಿಕೊಂಡು ನಿಲ್ಲುತ್ತದೆ, ನ್ಯಾಲಿಡಿಕ್ಸಿಕ್ ಆಸಿಡ್ ನಿಲ್ಲಲಾರದು.

ಮೈಸೂರಿನ ಮಗಳು:
ಕ್ಷಮಿಸಿ, ನನಗೆ ವಿಜ್ಞಾನ ಅಷ್ಟಾಗಿ ಗೊತ್ತಿಲ್ಲ, ಆದರೆ ನಮ್ಮ ತಂದೆಯವರ ವಿಷಯ ಇದೇ ಎಂದು ಅನ್ನಿಸಿ ಬರೆಯುತ್ತಿದ್ದೇನೆ. ಅವರಿಗೆ 71 ವರ್ಷ. ಪ್ರಾಸ್ಟೇಟ್ ತೊಂದರೆಯಿಂದ ಪದೇ ಪದೇ ಮೂತ್ರದ ಸೋಂಕು ಆಗುತ್ತದೆ. ಮೊದಲ ಎರಡು ಸಲ ಸಿಪ್ರೊದಲ್ಲೇ ವಾಸಿಯಾಯಿತು, ಈಗ ಏನೂ ಪ್ರಯೋಜನವಿಲ್ಲ. ಅವರ ದೇಹಕ್ಕೆ ಈ ಔಷಧ ಒಗ್ಗಿಹೋಗಿದೆ ಎಂದು ಎಲ್ಲರೂ ಹೇಳುತ್ತಾರೆ. ಹಾಗಾದರೆ ತಂದೆಯವರ ಜೈರೇಸ್ ಬದಲಾಗಿದೆ ಎಂದು ಅರ್ಥವೇ? ಅದು ನನಗೂ ಬಂದಿರಬಹುದೇ?

ಸ್ಫಟಿಕ:
ಅಕ್ಕ, ದಯವಿಟ್ಟು ಗಾಬರಿಯಾಗಬೇಡಿ. ಜೈರೇಸ್ ಬ್ಯಾಕ್ಟೀರಿಯದ್ದು, ನಮ್ಮದಲ್ಲ. ನಮ್ಮ ಕೋಶಗಳಲ್ಲಿ ಅದರ ದೂರದ ಸಂಬಂಧಿಯಾದ ಟೊಪೊಐಸೊಮರೇಸ್ 2 ಎಂಬ ಕಿಣ್ವ ಇದೆ, ಆದರೆ ಅದರಲ್ಲಿ ಆ ಸೆರಿನ್ ಇರಬೇಕಾದ ಸ್ಥಾನದಲ್ಲಿ ಸೆರಿನ್ ಇಲ್ಲ, ಜೊತೆಗಿರುವ ಆಮ್ಲೀಯ ಗೂಟವೂ ಇಲ್ಲ. ಸಂಕ ಕಟ್ಟಲು ಆಗದೇ ಇರುವುದರಿಂದಲೇ ಈ ಔಷಧ ನಮ್ಮ ಡಿಎನ್‌ಎಗೆ ಮಾಡಬಹುದಾದದ್ದನ್ನು ಮಾಡುವುದಿಲ್ಲ. ತಂದೆಯವರ ಮೂತ್ರದಲ್ಲಿರುವ ಬ್ಯಾಕ್ಟೀರಿಯ, ಬಹುಶಃ ಇ. ಕೋಲೈ, ಬದಲಾಗಿರುವುದು. ಅದು ವಂಶಕ್ಕೆ ಬರುವಂಥದ್ದಲ್ಲ.

ತುಂಗಾತೀರ:
ತಾಯಿ, ಇನ್ನೊಂದು ಮಾತು. ಮೊದಲ ಸೋಂಕಿನ ಬ್ಯಾಕ್ಟೀರಿಯವೇ ಈಗಿನದೂ ಎಂದು ಭಾವಿಸಬೇಕಾಗಿಲ್ಲ. ಪ್ರತಿ ಬಾರಿ ಸಿಪ್ರೊ ತೆಗೆದುಕೊಂಡಾಗ ಕರುಳಿನಲ್ಲಿರುವ ಕೋಟಿಗಟ್ಟಲೆ ಇ. ಕೋಲೈಗಳಲ್ಲಿ ಮೊದಲೇ ಬದಲಾಗಿರುವವು ಉಳಿದುಕೊಳ್ಳುತ್ತವೆ, ಮುಂದಿನ ಸೋಂಕು ಅವುಗಳಿಂದ ಬರುತ್ತದೆ. ಔಷಧ ಮ್ಯುಟೇಶನ್ ಹುಟ್ಟಿಸಿತು ಎನ್ನುವುದಕ್ಕಿಂತ, ಅದಾಗಲೇ ಇದ್ದದ್ದನ್ನು ಆರಿಸಿ ಬೆಳೆಸಿತು ಎನ್ನಬೇಕು. ಜ್ವರ ಬಂದಾಗ ಹಳೆಯ ಚೀಟಿ ತೋರಿಸಿ ಮಾತ್ರೆ ತರಬೇಡಿ. ಮಾತ್ರೆ ಶುರು ಮಾಡುವ ಮೊದಲೇ ಮೂತ್ರದ ಕಲ್ಚರ್‌ಗೆ ಕೊಟ್ಟು, ವರದಿಯನ್ನು ಅವರನ್ನು ನೋಡುವ ವೈದ್ಯರಿಗೆ ತೋರಿಸಿ.

ಅಗಾರ್‌ತಟ್ಟೆ:
ಸಂಕದ ವಿವರಣೆಯಿಂದ ನನ್ನ ಮೊದಲ ಪ್ರಶ್ನೆ ಬಗೆಹರಿಯಿತು. ಎರಡನೆಯದು ಉಳಿದಿದೆ. ಹುಡುಗನ ತಾಯಿಯನ್ನು ನಾನೇ ಕೇಳಿದ್ದೆ. ಮಾತ್ರೆ ತಪ್ಪಿಸಿರಲಿಲ್ಲ, ಹಾಲಿನ ಜೊತೆಯೂ ಕೊಟ್ಟಿರಲಿಲ್ಲ. 2.4ಕ್ಕೂ 0.38ಕ್ಕೂ ನಡುವೆ ಅಷ್ಟು ಅಂತರವಿದ್ದರೂ ಜ್ವರ ಏಕೆ ಇಳಿಯಲಿಲ್ಲ?

ತುಂಗಾತೀರ:
2.4 ಎಂಬುದು ದಿನದಲ್ಲಿ ಎರಡು ಬಾರಿ, ಸ್ವಲ್ಪ ಹೊತ್ತು ಮಾತ್ರ ಇರುವ ಶಿಖರ. ಕ್ವಿನೊಲೋನ್‌ಗಳ ವಿಷಯದಲ್ಲಿ ಶಿಖರಕ್ಕಿಂತ 24 ಗಂಟೆಗಳಲ್ಲಿ ಒಟ್ಟು ಎಷ್ಟು ಔಷಧಕ್ಕೆ ಬ್ಯಾಕ್ಟೀರಿಯ ಒಡ್ಡಿಕೊಂಡಿತು ಎಂಬುದನ್ನು ಎಂಐಸಿಯಿಂದ ಭಾಗಿಸಿ ನೋಡುವುದು ಹೆಚ್ಚು ನಂಬಿಕೆಗೆ ಅರ್ಹ. ನೀವು ಹೇಳಿದ ಡೋಸ್‌ನಲ್ಲಿ ಆ ಮೊತ್ತ ಸುಮಾರು 25 ಎಂದು ಇಟ್ಟುಕೊಳ್ಳೋಣ. ಮ್ಯುಟೇಶನ್ ಇಲ್ಲದ ಟೈಫಿಯ ಎಂಐಸಿ 0.016ರ ಆಸುಪಾಸು ಇರುತ್ತದೆ. 25ನ್ನು ಅದರಿಂದ ಭಾಗಿಸಿದರೆ 1500ಕ್ಕೂ ಹೆಚ್ಚು. ನಿಮ್ಮ ಹುಡುಗನ ಬ್ಯಾಕ್ಟೀರಿಯಕ್ಕೆ 25ನ್ನು 0.38ರಿಂದ ಭಾಗಿಸಿ ನೋಡಿ, ಸುಮಾರು 66. ಟೈಫಿಯಂಥ ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಗಳ ಸೋಂಕುಗಳಲ್ಲಿ ಸಾಮಾನ್ಯವಾಗಿ ಗುರಿಯಾಗಿ ಬಳಸುವ ಸಂಖ್ಯೆ 125. ಆ ಗುರಿ ಟೈಫಾಯ್ಡ್ ರೋಗಿಗಳಲ್ಲೇ ಅಳೆದು ನಿಗದಿಪಡಿಸಿದ್ದಲ್ಲ ಎಂಬುದನ್ನು ಮರೆಯಬಾರದು, ಆದರೂ 1500 ಎಲ್ಲಿ, 66 ಎಲ್ಲಿ. ಔಷಧ ಸ್ವಲ್ಪ ಕೆಲಸ ಮಾಡುತ್ತದೆ, ಜ್ವರ ಎಳೆದಾಡುತ್ತದೆ, ಕೆಲವರಲ್ಲಿ ವಾಸಿಯೂ ಆಗುತ್ತದೆ, ಕೆಲವರಲ್ಲಿ ಸೋಲುತ್ತದೆ.

ಹಳೆಯ ಪಟ್ಟಿಯ ದೋಷವೂ ಇದೇ. ಅದರಲ್ಲಿ ಎಂಐಸಿ 1 ಆದರೂ ಸೆನ್ಸಿಟಿವ್ ಎನ್ನಬಹುದಿತ್ತು. ಕರುಳಿನ ಬೇರೆ ಬ್ಯಾಕ್ಟೀರಿಯಗಳಿಗೆ ಹೊಂದಿಸಿದ ಗೆರೆಯನ್ನೇ ಟೈಫಿಗೂ ಎಳೆದಿದ್ದರು. ನ್ಯಾಲಿಡಿಕ್ಸಿಕ್‌ಗೆ ಬಗ್ಗದ ಟೈಫಿಗಳು ಸಿಪ್ರೊದ ಚಿಕಿತ್ಸೆಯಲ್ಲಿ ಸೋಲುವುದನ್ನು ಏಷ್ಯಾದ ವೈದ್ಯರು ವರ್ಷಗಟ್ಟಲೆ ನೋಡಿದ ಬಳಿಕ, 2012ರಲ್ಲಿ ಪ್ರಯೋಗಾಲಯಗಳ ಮಾನದಂಡ ನಿಗದಿಪಡಿಸುವ ಅಮೆರಿಕದ ಸಿಎಲ್‌ಎಸ್‌ಐ ಸಂಸ್ಥೆ ಆ ಗೆರೆಯನ್ನು 0.06ಕ್ಕೆ ಇಳಿಸಿತು. ಈಗ 0.12ರಿಂದ 0.5ರವರೆಗೆ ಇಂಟರ್‌ಮೀಡಿಯೆಟ್, 1 ಮತ್ತು ಅದಕ್ಕಿಂತ ಹೆಚ್ಚಾದರೆ ರೆಸಿಸ್ಟೆಂಟ್. ಡಿಸ್ಕ್‌ನಲ್ಲಿ 31 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ಸೆನ್ಸಿಟಿವ್, 21ರಿಂದ 30ರವರೆಗೆ ಇಂಟರ್‌ಮೀಡಿಯೆಟ್. ನಿಮ್ಮ 24 ಯಾವ ಕಡೆ ಬೀಳುತ್ತದೆ ಎಂದು ನೋಡಿ. ದಯವಿಟ್ಟು ಆ ಹಾಳೆಯನ್ನು ಇಂದೇ ಗೋಡೆಯಿಂದ ತೆಗೆಯಿರಿ.

ಇನ್ನು ಎಂಐಸಿ 0.38ಕ್ಕೇ ಏಕೆ ನಿಂತಿತು, 20ಕ್ಕೋ 30ಕ್ಕೋ ಏಕೆ ಹೋಗಲಿಲ್ಲ? ಸಿಪ್ರೊದ ಎರಡನೆಯ ಹಿಡಿತ ಒಂದು ಕಾರಣ. ಇನ್ನೊಂದು ಕಾರಣವೆಂದರೆ ಟೈಫಿಯಲ್ಲಿ ಜೈರೇಸ್‌ನ ತಮ್ಮನಂತೆ ಟೊಪೊಐಸೊಮರೇಸ್ 4 ಎಂಬ ಇನ್ನೊಂದು ಕಿಣ್ವ ಇದೆ. ನಕಲಾದ ಬಳಿಕ ಕೊಂಡಿ ಹಾಕಿಕೊಂಡ ಎರಡು ಡಿಎನ್‌ಎಗಳನ್ನು ಬೇರ್ಪಡಿಸುವುದು ಅದರ ಮುಖ್ಯ ಕೆಲಸ. ಸಿಪ್ರೊ ಅದನ್ನೂ ಹಿಡಿಯುತ್ತದೆ, ಆದರೆ ಹಿಡಿಯಲು ಹೆಚ್ಚು ಔಷಧ ಬೇಕು. ಜೈರೇಸ್ ಸಾಮಾನ್ಯವಾಗಿದ್ದಾಗ ಅತಿ ಕಡಿಮೆ ಔಷಧಕ್ಕೇ ಅದು ಸಿಕ್ಕಿಬಿದ್ದು ಬ್ಯಾಕ್ಟೀರಿಯ ಸಾಯುವುದರಿಂದ ತಮ್ಮನ ಸರದಿ ಬರುವುದೇ ಇಲ್ಲ. ಜೈರೇಸ್ ಬದಲಾಗಿ ಔಷಧವನ್ನು ತಡೆದುಕೊಂಡಾಗ, ಇನ್ನಷ್ಟು ಔಷಧ ಸೇರಿದಂತೆ ತಮ್ಮ ಸಿಕ್ಕಿಬೀಳುತ್ತಾನೆ. ಎಂಐಸಿಗೆ ಅದು ಛಾವಣಿಯಾಗುತ್ತದೆ.

ಇದರಿಂದ ವಿಚಿತ್ರವಾದ ಒಂದು ಪರಿಣಾಮವಿದೆ. ಟೊಪೊಐಸೊಮರೇಸ್ 4ರ ಪಾರ್-ಸಿ ಜೀನ್‌ನಲ್ಲಿ ಮಾತ್ರ ಮ್ಯುಟೇಶನ್ ಆಗಿದ್ದರೆ ಟೈಫಿಗೆ ಏನೂ ಲಾಭವಿಲ್ಲ, ಏಕೆಂದರೆ ಜೈರೇಸ್ ಮೊದಲೇ ಬಲಿಯಾಗಿರುತ್ತದೆ. ಅದೇ ಮ್ಯುಟೇಶನ್ ಜೈರೇಸ್ ಬದಲಾದ ಮೇಲೆ ಬಂದರೆ ಎಂಐಸಿ ಒಮ್ಮೆಲೇ ಜಿಗಿಯುತ್ತದೆ. ಆದ್ದರಿಂದ ಮೆಟ್ಟಿಲುಗಳಿಗೆ ಕ್ರಮವಿದೆ. ಮೊದಲು 83, ಬಳಿಕ 87 ಮತ್ತು ಪಾರ್-ಸಿಯ 80. ನಿಮ್ಮ ಹುಡುಗನ ಬ್ಯಾಕ್ಟೀರಿಯ ಮೊದಲ ಮೆಟ್ಟಿಲ ಮೇಲೆ ನಿಂತಿದೆ.

ಹಳೆಯ ವೈದ್ಯ:
ನಾನು 80ರ ದಶಕದಿಂದ ಟೈಫಾಯ್ಡ್ ನೋಡುತ್ತ ಬಂದವನು. ಮೇಲಿನ ಮೆಟ್ಟಿಲುಗಳ ಮಾತು ಓದಿದಾಗ ನನ್ನದೇ ವೃತ್ತಿಯ ವರ್ಷಗಳು ಕಣ್ಣ ಮುಂದೆ ಬಂದವು. ಆಗ ಕ್ಲೋರಾಂಫೆನಿಕಾಲ್ ನಮ್ಮ ಔಷಧ. 1990ರ ಸುಮಾರಿಗೆ ಕ್ಲೋರಾಂಫೆನಿಕಾಲ್, ಆಂಪಿಸಿಲಿನ್, ಕೋಟ್ರೈಮಾಕ್ಸಜೋಲ್ ಮೂರಕ್ಕೂ ಬಗ್ಗದ ಟೈಫಿ ದೇಶದ ತುಂಬ ಹರಡಿತು. ಸಿಪ್ರೊ ಕೈಗೆ ಬಂದಾಗ ನಾಲ್ಕೈದು ದಿನದಲ್ಲಿ ಜ್ವರ ಇಳಿಯುವುದನ್ನು ನೋಡಿ ನಾವು ಎಷ್ಟು ನಿರಾಳರಾದೆವು ಎಂದು ಹೇಳಲಾರೆ. ಅದೇ ದಶಕ ಮುಗಿಯುವುದರೊಳಗೆ ನಾಲ್ಕು ದಿನ ಎಂಟಾಯಿತು, ಹತ್ತಾಯಿತು. ವರದಿಯಲ್ಲಿ ಸೆನ್ಸಿಟಿವ್ ಎಂದೇ ಇರುತ್ತಿತ್ತು. ಡೋಸ್ ಹೆಚ್ಚಿಸಿ ನೋಡುತ್ತಿದ್ದೆವು. ಆ ವರ್ಷಗಳಲ್ಲಿ ನಾವು ಮೊದಲ ಮೆಟ್ಟಿಲನ್ನು ಹತ್ತಿದ ಬ್ಯಾಕ್ಟೀರಿಯಗಳನ್ನು ಎರಡನೆಯ ಮೆಟ್ಟಿಲಿಗೆ ಏರಲು ಬಿಟ್ಟೆವೇನೋ ಎಂಬ ಪ್ರಶ್ನೆ ನನ್ನನ್ನು ಕಾಡುತ್ತದೆ.

ಆದರೆ ಒಂದು ಆಶೆಯ ಮಾತೂ ಇದೆ. ಕ್ಲೋರಾಂಫೆನಿಕಾಲ್ ಬಳಸುವುದನ್ನು ಬಿಟ್ಟ ಮೇಲೆ ನಮ್ಮ ಕಡೆಯ ಟೈಫಿಗಳಲ್ಲಿ ಅದಕ್ಕೆ ಬಗ್ಗುವವು ಮತ್ತೆ ಹೆಚ್ಚಾದವು. ಸಿಪ್ರೊವನ್ನೂ ಹತ್ತು ಹದಿನೈದು ವರ್ಷ ಟೈಫಾಯ್ಡ್‌ಗೆ ಮುಟ್ಟದೆ ಬಿಟ್ಟರೆ ಅದೂ ಮರಳಿ ಬರುತ್ತದೆ ಎಂದು ನನ್ನ ನಂಬಿಕೆ.

ತುಂಗಾತೀರ:
ಡಾಕ್ಟರೇ, ನಿಮ್ಮ ಅನುಭವದ ಎದುರು ನನ್ನದು ಪುಸ್ತಕದ ಜ್ಞಾನ, ಆದರೂ ಇಲ್ಲಿ ನಾನು ಒಪ್ಪಲಾರೆ. ಕ್ಲೋರಾಂಫೆನಿಕಾಲ್ ಪ್ರತಿರೋಧ ಬಹುಪಾಲು ಪ್ಲಾಸ್ಮಿಡ್ ಮೇಲೆ ಕುಳಿತಿತ್ತು. ಪ್ಲಾಸ್ಮಿಡ್ ಹೊರುವುದು ಬ್ಯಾಕ್ಟೀರಿಯಕ್ಕೆ ಹೊರೆ, ಅಗತ್ಯವಿಲ್ಲದಾಗ ಅದನ್ನು ಕಳೆದುಕೊಂಡವು ಮುಂದೆ ಹೋಗುತ್ತವೆ. ಜೈರ್-ಎ ಮ್ಯುಟೇಶನ್ ಬ್ಯಾಕ್ಟೀರಿಯದ ಸ್ವಂತ ವರ್ಣತಂತುವಿನಲ್ಲಿದೆ. ಸೆರಿನ್ ಔಷಧಕ್ಕೆ ಗೂಟವಾಗಿತ್ತೇ ಹೊರತು ಜೈರೇಸ್‌ನ ಕೆಲಸಕ್ಕೆ ಅದು ಅನಿವಾರ್ಯವಲ್ಲ. ಕ್ಷಯರೋಗದ ಬ್ಯಾಕ್ಟೀರಿಯದಲ್ಲಿ ಆ ಸ್ಥಾನದಲ್ಲಿ ಮೊದಲಿನಿಂದಲೂ ಅಲನಿನ್ ಇದ್ದು, ಅದು ಚೆನ್ನಾಗಿಯೇ ಬದುಕಿದೆ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಔಷಧವೇ ಇಲ್ಲದ ಮಾಧ್ಯಮದಲ್ಲಿ ಸಾಮಾನ್ಯ ಟೈಫಿಯನ್ನೂ ಜೈರೇಸ್ ಬದಲಾದ ಟೈಫಿಗಳನ್ನೂ ಒಟ್ಟಿಗೆ ಬೆಳೆಸಿ ಸ್ಪರ್ಧೆಗೆ ಬಿಟ್ಟಾಗ, ಬದಲಾದವುಗಳಲ್ಲಿ ಹಲವು ಹಿಂದೆ ಬೀಳುವ ಬದಲು ಮುಂದೆ ಹೋದವು. ಹಾಗಿದ್ದ ಮೇಲೆ ಔಷಧ ನಿಲ್ಲಿಸಿದ ಮಾತ್ರಕ್ಕೆ ಅವು ಏಕೆ ಹಿಂದೆ ಸರಿಯಬೇಕು?

ನಿಮ್ಮನ್ನು ಕಾಡುವ ಪ್ರಶ್ನೆಗೂ ಒಂದು ಮಾತು. ಟೈಫಾಯ್ಡ್ ರೋಗಿಯ ಒಂದು ಮಿ.ಲೀ. ರಕ್ತದಲ್ಲಿ ಸಾಮಾನ್ಯವಾಗಿ ಬೆರಳೆಣಿಕೆಯಷ್ಟೂ ಬ್ಯಾಕ್ಟೀರಿಯ ಇರುವುದಿಲ್ಲ. ಈ ಮ್ಯುಟೇಶನ್ ಕೋಟ್ಯಂತರ ಕೋಶಗಳಲ್ಲಿ ಒಂದಕ್ಕೆ ಆಗುವಂಥದ್ದು. ಹೆಚ್ಚಿನ ರೋಗಿಗಳು ಅದಾಗಲೇ ಬದಲಾದ ಬ್ಯಾಕ್ಟೀರಿಯವನ್ನೇ ನೀರು ಆಹಾರದ ಮೂಲಕ ಪಡೆದವರು. ಎಚ್58 ಎಂಬ ವಂಶವೊಂದು ಇದನ್ನು ಹೊತ್ತು ದೇಶ ದೇಶ ದಾಟಿತು. ಕಠ್ಮಂಡುವಿನಲ್ಲಿ ಗಾಟಿಫ್ಲಾಕ್ಸಾಸಿನ್ ಮತ್ತು ಸೆಫ್ಟ್ರಿಯಾಕ್ಸೋನನ್ನು ಹೋಲಿಸುತ್ತಿದ್ದ ಚಿಕಿತ್ಸಾ ಪ್ರಯೋಗವನ್ನು 2014ರಲ್ಲಿ ನಡುವೆಯೇ ನಿಲ್ಲಿಸಬೇಕಾಯಿತು, ಏಕೆಂದರೆ 83, 87 ಮತ್ತು ಪಾರ್-ಸಿ 80 ಮೂರೂ ಬದಲಾದ ಎಚ್58 ಅಲ್ಲಿ ಕಾಣಿಸಿಕೊಂಡು ಗಾಟಿಫ್ಲಾಕ್ಸಾಸಿನ್ ಪಡೆದವರಲ್ಲಿ ಚಿಕಿತ್ಸೆ ಸೋಲತೊಡಗಿತು. ಅವುಗಳ ಸಿಪ್ರೊ ಎಂಐಸಿ 24 ಅಥವಾ ಅದಕ್ಕಿಂತ ಹೆಚ್ಚು. ಜೀನೋಮ್ ನೋಡಿದಾಗ ಅವು ಭಾರತದಿಂದ ಬಂದವು ಎಂದು ತಿಳಿಯಿತು.

ಹಳೆಯ ವೈದ್ಯ:
ಒಂದು ಮಾಧ್ಯಮದ ಬಾಟಲಿಯಲ್ಲಿ ಮುಂದೆ ಹೋಗುವುದು ಬೇರೆ, ಮನುಷ್ಯನ ಪಿತ್ತಕೋಶದಲ್ಲಿ ವರ್ಷಗಟ್ಟಲೆ ಬಾಳುವುದು ಬೇರೆ. ನಿಮ್ಮ ಅಧ್ಯಯನವನ್ನು ನಾನು ಅಲ್ಲಗಳೆಯುವುದಿಲ್ಲ, ಆದರೆ ಸಿಪ್ರೊವನ್ನು ನಾವು ನಿಜವಾಗಿ ನಿಲ್ಲಿಸಿ ನೋಡಿಯೇ ಇಲ್ಲ. ಟೈಫಾಯ್ಡ್‌ಗೆ ನಿಲ್ಲಿಸಿದರೂ ಮೂತ್ರಕ್ಕೆ, ಭೇದಿಗೆ, ಕಿವಿಗೆ ಕೊಡುತ್ತಲೇ ಇದ್ದೇವೆ. ಆದ್ದರಿಂದ ಅದು ಮರಳಿ ಬರುವುದಿಲ್ಲ ಎಂದು ತೀರ್ಮಾನಿಸುವ ಪರೀಕ್ಷೆ ಇನ್ನೂ ನಡೆದಿಲ್ಲ.

ತುಂಗಾತೀರ:
ಆ ಮಾತಿಗೆ ನನ್ನಲ್ಲಿ ಉತ್ತರವಿಲ್ಲ, ಒಪ್ಪುತ್ತೇನೆ.

ಔಷಧದಂಗಡಿ ಹಾಸನ:
ಹುಡುಗನ ಮೇಲೆ ನಾನು ಹಾಕಿದ ಅನುಮಾನವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಒಂದು ಸಂದೇಹ ಉಳಿದಿದೆ. ಸಿಪ್ರೊ 66ಕ್ಕೆ ಬರುತ್ತದೆ ಎಂದಾದರೆ 750 ಮಿ.ಗ್ರಾಂ. ಕೊಟ್ಟು 125 ಮುಟ್ಟಿಸಬಹುದಲ್ಲವೇ?

ಹಳೆಯ ವೈದ್ಯ:
ಒಂದೂವರೆ ಪಟ್ಟು ಮಾತ್ರೆಯಿಂದ 66 ಸುಮಾರು 100 ಆಗುತ್ತದೆ, 125 ಆಗುವುದಿಲ್ಲ. ಎಂಐಸಿ 0.12 ಇದ್ದ ರೋಗಿಯಲ್ಲಿ ನಿಮ್ಮ ಲೆಕ್ಕ ಕೂಡಬಹುದು, 0.38 ಅಥವಾ 0.5 ಇದ್ದಲ್ಲಿ ಕೂಡದು. ಅಜಿತ್ರೊಮೈಸಿನ್, ಸೆಫ್ಟ್ರಿಯಾಕ್ಸೋನ್ ಕೈಯಲ್ಲಿರುವಾಗ, ಮೊದಲ ಮೆಟ್ಟಿಲ ಮೇಲಿರುವ ಬ್ಯಾಕ್ಟೀರಿಯವನ್ನು ಅರೆಬರೆ ಔಷಧದಲ್ಲಿ ನೆನೆಸಿಡುವುದು ನನಗೆ ಸರಿ ಕಾಣುವುದಿಲ್ಲ. ಹಾಗೆಂದು ಡೋಸ್ ಹೆಚ್ಚಿಸಿ ಗುಣಪಡಿಸಿದ ಸಹೋದ್ಯೋಗಿಗಳು ನನಗೆ ಇದ್ದಾರೆ, ಅವರು ಇದನ್ನು ಓದಿದರೆ ಜಗಳಕ್ಕೆ ಬಂದಾರು.

ಪೆಟ್ರಿ ಧಾರವಾಡ:
ನಾನೂ ಕಲ್ಚರ್ ಬೆಂಚಿನವನೇ. ನಮ್ಮಲ್ಲಿ ನ್ಯಾಲಿಡಿಕ್ಸಿಕ್ ಡಿಸ್ಕ್‌ಗೆ ಝೋನ್ ಬಂದರೆ ಸಿಪ್ರೊ ಸೆನ್ಸಿಟಿವ್, ಬಾರದಿದ್ದರೆ ಕೊಡಬಾರದು ಎಂಬ ನಿಯಮ ಇಟ್ಟುಕೊಂಡಿದ್ದೇವೆ. ಕಳೆದ ತಿಂಗಳು ಒಂದು ಟೈಫಿಯಲ್ಲಿ ನ್ಯಾಲಿಡಿಕ್ಸಿಕ್‌ಗೆ 20 ಮಿ.ಮೀ. ಝೋನ್ ಬಂತು, ಆದರೆ ಸಿಪ್ರೊ ಎಂಐಸಿ 0.25. ಎರಡು ಸಲ ಮಾಡಿದರೂ ಅದೇ. ಸಂಕದ ಗೂಟ ಗಟ್ಟಿಯಾಗಿದ್ದೂ ಸಿಪ್ರೊ ಸಡಿಲವಾದದ್ದು ಹೇಗೆ?

ಸ್ಫಟಿಕ:
ಅದು ಇನ್ನೊಂದು ದಡದ ತೊಂದರೆ ಇರಬಹುದು. ಜೈರ್-ಬಿಯ 464ನೆಯ ಸ್ಥಾನದ ಸೆರಿನ್ ಬದಲಾದ ಟೈಫಿಗಳಲ್ಲಿ ನ್ಯಾಲಿಡಿಕ್ಸಿಕ್ ಕೆಲಸ ಮಾಡುತ್ತಿದ್ದರೂ ಸಿಪ್ರೊ ದುರ್ಬಲವಾಗುವುದನ್ನು ಕಂಡಿದ್ದಾರೆ. ಸಿಪ್ರೊದ ಪೈಪರಜಿನ್ ಚಾಚಿರುವುದು ಆ ಬದಿಗೆ ಎಂಬುದನ್ನು ನೆನೆದರೆ ಅರ್ಥವಾಗುತ್ತದೆ.

ತುಂಗಾತೀರ:
ಅಥವಾ ಕ್ಯುಎನ್‌ಆರ್ ಜೀನ್ ಇರುವ ಪ್ಲಾಸ್ಮಿಡ್ ಇರಬಹುದು. ಆ ಪ್ರೋಟೀನ್ ಜೈರೇಸ್‌ನ ಪಕ್ಕ ನಿಂತು ಅದನ್ನು ಔಷಧದಿಂದ ಕಾಯುತ್ತದೆ, ಜೈರೇಸ್ ಬದಲಾಗಬೇಕೆಂದೇ ಇಲ್ಲ. ಪಾಕಿಸ್ತಾನದ ಸಿಂಧ್‌ನಲ್ಲಿ 2016ರಿಂದ ಹರಡಿದ ಟೈಫಿಯ ಪ್ಲಾಸ್ಮಿಡ್‌ನಲ್ಲಿ ಅಂಥದ್ದೊಂದು ಇದೆ. ಎರಡರಲ್ಲಿ ಯಾವುದು ಎಂದು ಡಿಸ್ಕ್ ನೋಡಿ ಹೇಳಲಾಗದು, ಸೀಕ್ವೆನ್ಸ್ ಬೇಕು. ವರದಿ ಬರೆಯುವ ಮಟ್ಟಿಗೆ ನ್ಯಾಲಿಡಿಕ್ಸಿಕ್ ಬದಲು 5 ಮೈಕ್ರೋಗ್ರಾಂ ಪೆಫ್ಲಾಕ್ಸಾಸಿನ್ ಡಿಸ್ಕ್ ಹಾಕಿ, 24 ಮಿ.ಮೀ. ಮುಟ್ಟದಿದ್ದರೆ ಸಿಪ್ರೊ ಸೆನ್ಸಿಟಿವ್ ಎಂದು ಬರೆಯಬೇಡಿ. ಅದೂ ಎಲ್ಲವನ್ನೂ ಹಿಡಿಯುವುದಿಲ್ಲ. ಸಿಪ್ರೊದ ಪೈಪರಜಿನ್‌ಗೆ ಅಸಿಟೈಲ್ ಅಂಟಿಸುವ ಕಿಣ್ವ ಇರುವ ಬ್ಯಾಕ್ಟೀರಿಯ ಪೆಫ್ಲಾಕ್ಸಾಸಿನ್ ಡಿಸ್ಕ್‌ಗೆ ಸಿಗದೆ ನುಣುಚಿಕೊಳ್ಳುತ್ತದೆ, ಏಕೆಂದರೆ ಪೆಫ್ಲಾಕ್ಸಾಸಿನ್‌ನ ಆ ಜಾಗದಲ್ಲಿ ಮೊದಲೇ ಮಿಥೈಲ್ ಕುಳಿತಿದೆ. ಸಾಧ್ಯವಿದ್ದಲ್ಲೆಲ್ಲ ಎಂಐಸಿ ಅಳೆಯಿರಿ.

ಅಗಾರ್‌ತಟ್ಟೆ:
ಗೋಡೆಯ ಹಾಳೆಯನ್ನು ನಿನ್ನೆ ಬೆಳಿಗ್ಗೆ ತೆಗೆದೆ. ಪೆಫ್ಲಾಕ್ಸಾಸಿನ್ ಡಿಸ್ಕ್‌ಗೆ ಬೇಡಿಕೆ ಬರೆದುಕೊಟ್ಟಿದ್ದೇನೆ. ಫ್ರೀಜರ್‌ನಲ್ಲಿ ಕಳೆದ ಎರಡು ವರ್ಷಗಳ ಟೈಫಿಗಳನ್ನು ಇಟ್ಟಿದ್ದೇವೆ, ಅವುಗಳಲ್ಲಿ 21ರಿಂದ 30 ಮಿ.ಮೀ. ಝೋನ್ ಬಂದು ಸೆನ್ಸಿಟಿವ್ ಎಂದು ನಾನೇ ಸಹಿ ಹಾಕಿದ್ದೆಷ್ಟು ಎಂದು ರಿಜಿಸ್ಟರ್ ತೆಗೆದು ನೋಡಲು ಕುಳಿತಿದ್ದೇನೆ. ಧಾರವಾಡದವರೇ, ನಿಮ್ಮ ಆ 20 ಮಿ.ಮೀ. ಬ್ಯಾಕ್ಟೀರಿಯವನ್ನು ಬಿಸಾಡಬೇಡಿ. ನನ್ನದನ್ನು ಸೀಕ್ವೆನ್ಸ್ ಮಾಡಿಸಿಕೊಟ್ಟವರನ್ನು ಕೇಳಿ ನೋಡುತ್ತೇನೆ. ಜೈರ್-ಬಿಯೋ ಕ್ಯುಎನ್‌ಆರ್ ಜೀನೋ ಎಂದು ಗೊತ್ತಾದ ದಿನ ಇಲ್ಲೇ ಬರೆಯುತ್ತೇನೆ.